ನಲವತ್ತೈದು ದಿನ ಎಂಬ ಸುಳ್ಳು

ಕೆಲಸ ಬಿಟ್ಟವರಿಗೆ ಬರುವ ಮೇಲ್‌ಗಳಲ್ಲಿ ಒಂದು ಸಾಲು ಖಾಯಂ ಇರುತ್ತದೆ. ನಿಮ್ಮ ಕೊನೆಯ ದಿನದಿಂದ 45 ದಿನಗಳ ಒಳಗೆ ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್ ಆಗುತ್ತದೆ, ಅಲ್ಲಿಯವರೆಗೆ ಸಹಕರಿಸಿ ಎಂದು. ಈ ಸಾಲನ್ನು ನಾನೇ ನೂರಾರು ಜನರಿಗೆ ಕಳಿಸಿದ್ದೇನೆ. ಹನ್ನೊಂದು ವರ್ಷ ಮುಂಬೈ ಮತ್ತು ಪುಣೆಯ ಕಂಪನಿಗಳಲ್ಲಿ ಪೇರೋಲ್ ನೋಡಿಕೊಂಡವನು ನಾನು. ಈ 45 ಎಲ್ಲಿಂದ ಬಂತು ಎಂದು ಆಗ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ನನಗಿಂತ ಹಿಂದೆ ಆ ಕುರ್ಚಿಯಲ್ಲಿ ಕೂತಿದ್ದವರು ಬಿಟ್ಟುಹೋದ ಮಾದರಿ ಮೇಲ್‌ನಲ್ಲಿ ಅದಿತ್ತು. ಹೆಸರು ಬದಲಿಸಿ ಕಳಿಸುತ್ತಿದ್ದೆ, ಅಷ್ಟೆ.

ಕೆಲಸ ಬಿಟ್ಟವನಿಗೆ ಸಂಬಳ ಕೊಡಲು 45 ದಿನ ತೆಗೆದುಕೊಳ್ಳಬಹುದು ಎಂದು ಈ ದೇಶದ ಯಾವ ಕಾರ್ಮಿಕ ಕಾನೂನೂ ಹೇಳಿಲ್ಲ. ಇದು ಕಂಪನಿಗಳು ತಮ್ಮ ಅನುಕೂಲಕ್ಕೆ ಹಾಕಿಕೊಂಡ ಲೆಕ್ಕ. ಕೇಳಿ ಕೇಳಿ ಅದೇ ಕಾನೂನು ಎಂದು ನಾವು ನಂಬಿದ್ದೇವೆ. ಸರಕಾರಿ ಬಾಕಿ ಒಂದು ದಿನ ತಡವಾದರೆ ದಂಡ ಕಟ್ಟುವ ಕಂಪನಿ, ತನ್ನ ಕೆಲಸಗಾರನ ಬಾಕಿಯನ್ನು ಎರಡು ತಿಂಗಳು ಇಟ್ಟುಕೊಂಡು ಅದಕ್ಕೆ 'ಪ್ರಕ್ರಿಯೆ' ಎಂದು ಹೆಸರಿಡುತ್ತದೆ.

ನನ್ನ ತಕರಾರು ಬರೀ ದಿನಗಳ ಬಗ್ಗೆ ಅಲ್ಲ. ಸೆಟಲ್‌ಮೆಂಟ್ ಎಂದು ನಾವು ಕರೆಯುವುದು ಒಂದೇ ಮೊತ್ತವಲ್ಲ. ಬೇರೆ ಬೇರೆ ಕಾರಣಕ್ಕೆ, ಬೇರೆ ಬೇರೆ ಗಡುವಿನಲ್ಲಿ ಬರಬೇಕಾದ ಐದಾರು ಹಣಗಳನ್ನು ಒಂದೇ ಗಂಟು ಕಟ್ಟಿರುತ್ತಾರೆ. ಆ ಗಂಟಿನಲ್ಲಿ ಎಲ್ಲಕ್ಕಿಂತ ನಿಧಾನವಾದ ವಸ್ತು ಯಾವುದೋ, ಉಳಿದವೆಲ್ಲ ಅದಕ್ಕಾಗಿ ಕಾಯುತ್ತವೆ. ಲ್ಯಾಪ್‌ಟಾಪಿನ ಚಾರ್ಜರ್ ಲೆಕ್ಕಕ್ಕೆ ಸಿಗಲಿಲ್ಲ ಎಂದು ಜೂನ್ ತಿಂಗಳ ಸಂಬಳ ನಿಲ್ಲುತ್ತದೆ. ಚಾರ್ಜರಿಗೂ ಸಂಬಳಕ್ಕೂ ಏನು ಸಂಬಂಧ? ಈ ಗಂಟು ಬಿಚ್ಚಬೇಕು ಎನ್ನುವುದೇ ನನ್ನ ವಾದ.

ಇದು ನನಗೆ ತಟ್ಟಿದ್ದು ಕಳೆದ ವರ್ಷ, ನನ್ನ ಹೆಂಡತಿಯ ತಮ್ಮನ ವಿಷಯದಲ್ಲಿ. ಧಾರವಾಡದಲ್ಲಿ ಓದಿ ಪುಣೆಗೆ ಬಂದ ಹುಡುಗ, ಈಗ ಹುಡುಗನೇನಲ್ಲ, ಇಬ್ಬರು ಮಕ್ಕಳ ತಂದೆ. ಒಂದೇ ಕಂಪನಿಯಲ್ಲಿ 2018ರ ಸೆಪ್ಟೆಂಬರ್ 10ರಿಂದ ದುಡಿದಿದ್ದ. ತಿಂಗಳಿಗೆ 90,000 ರೂಪಾಯಿ: ಬೇಸಿಕ್ 45,000, ಮನೆ ಬಾಡಿಗೆ ಭತ್ಯೆ 18,000, ಉಳಿದ 27,000 ಸ್ಪೆಷಲ್ ಅಲೋವೆನ್ಸ್. 2025ರ ಮೇ 19ರಂದು ರಾಜೀನಾಮೆ ಕೊಟ್ಟ. ನೇಮಕಾತಿ ಪತ್ರದ ಪ್ರಕಾರ ನೋಟಿಸ್ 90 ದಿನ. ಆದರೆ ಅವನ ಪ್ರಾಜೆಕ್ಟೇ ಮುಗಿಯುತ್ತಿತ್ತು. ಕೆಲಸ ಒಪ್ಪಿಸಿ ಆಗಿದೆ, ಜುಲೈ 18ಕ್ಕೆ ಬಿಡುಗಡೆ, ಉಳಿದ ದಿನಗಳು ಮನ್ನಾ ಎಂದು ಮ್ಯಾನೇಜರ್ ಮೇಲ್ ಕಳಿಸಿದರು. ಅಲ್ಲಿಗೆ 60 ದಿನ.

ಮೇ ತಿಂಗಳ ಸಂಬಳ ಎಂದಿನಂತೆ ಬಂತು. ಜೂನ್ 30ಕ್ಕೆ ಬರಲಿಲ್ಲ. ಕೇಳಿದರೆ, ರಾಜೀನಾಮೆ ಕೊಟ್ಟವರ ಸಂಬಳ ಹೋಲ್ಡ್‌ನಲ್ಲಿ ಇಡುತ್ತೇವೆ, ಸೆಟಲ್‌ಮೆಂಟ್ ಜೊತೆ ಬರುತ್ತದೆ ಎಂಬ ಉತ್ತರ. ಜುಲೈ 18, ಶುಕ್ರವಾರ, ಲ್ಯಾಪ್‌ಟಾಪ್ ಒಪ್ಪಿಸಿ ಸಹಿ ಹಾಕಿಸಿಕೊಂಡು ಹೊರಬಂದ. ಸೋಮವಾರ ಹೊಸ ಕಂಪನಿಗೆ ಸೇರಿದ. ಅಲ್ಲಿ ಪೇರೋಲ್ ಪಟ್ಟಿ ಮುಚ್ಚುವುದು ತಿಂಗಳ 20ಕ್ಕೆ. ಒಂದು ದಿನದ ಅಂತರದಲ್ಲಿ ಜುಲೈ ಪಟ್ಟಿ ತಪ್ಪಿತು. ಹೀಗಾಗಿ ಮೊದಲ ಸಂಬಳ ಕಂಡದ್ದು ಆಗಸ್ಟ್ 29ಕ್ಕೆ.

ಲೆಕ್ಕ ಹಾಕಿ. ಮೇ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ಮೂರು ತಿಂಗಳು, ಒಂದು ದಿನವೂ ಮನೆಯಲ್ಲಿ ಕೂರದೆ ದುಡಿದ ಮನುಷ್ಯನ ಖಾತೆಗೆ ಒಂದು ರೂಪಾಯಿ ಸಂಬಳ ಬಂದಿಲ್ಲ. ಮನೆ ಸಾಲದ ಕಂತು 31,000. ಮಕ್ಕಳ ಶಾಲೆ ಜೂನ್‌ನಲ್ಲಿ ಶುರು. ಆಗಸ್ಟ್ ಮೊದಲ ವಾರ ಅವನ ಹೆಂಡತಿಯ ಬಳೆ ಅಡ ಇಟ್ಟು 1,50,000 ತಂದರು. ನಮಗೆ ಹೇಳಿದ್ದು ಆಮೇಲೆ. ಅಕ್ಕನ ಮನೆಯವರ ಮುಂದೆ ಹೇಳಿಕೊಳ್ಳಲು ನಾಚಿಕೆ.

ಗಣೇಶ ಚೌತಿಯ ಹಿಂದಿನ ದಿನ, ಆಗಸ್ಟ್ 26ಕ್ಕೆ, ಸೆಟಲ್‌ಮೆಂಟ್ ಶೀಟ್ ಬಂತು. ಅಷ್ಟೊತ್ತಿಗೆ 39 ದಿನ ಕಳೆದಿತ್ತು. ಅವನ ಫೋನು: "ಭಾವಾ, ಶೀಟ್ ಬಂದೈತ್ರಿ. ಆದ್ರ ತೊಂಬತ್ತು ಸಾವಿರ ಹಿಡಕೊಂಡಾರ. ಇದೇನ್ ಲೆಕ್ಕ ನೋಡ್ರಿ ಒಂಚೂರು."

ನೋಡಿದೆ. ಕೂಡುವ ಕಡೆ ಜೂನ್ ಸಂಬಳ 90,000. ಜುಲೈ 18 ದಿನದ ಸಂಬಳ, 90,000ವನ್ನು 31ರಿಂದ ಭಾಗಿಸಿ 18ರಿಂದ ಗುಣಿಸಿದರೆ 52,258. ಉಳಿದಿದ್ದ 22 ದಿನಗಳ ಗಳಿಕೆ ರಜೆಗೆ ಕಂಪನಿಯ ನಿಯಮದಂತೆ ಬೇಸಿಕ್ ಮೇಲೆ ದಿನಕ್ಕೆ 1,500, ಒಟ್ಟು 33,000. ಕಳೆಯುವ ಕಡೆ 'ನೋಟಿಸ್ ಕೊರತೆ 30 ದಿನ, 90,000'. ಗ್ರಾಚ್ಯುಟಿ ಕಾಲಂನಲ್ಲಿ ಏನೂ ಇಲ್ಲ, 'ಪ್ರತ್ಯೇಕವಾಗಿ ಪರಿಶೀಲಿಸಲಾಗುವುದು' ಎಂಬ ಟಿಪ್ಪಣಿ. ತೆರಿಗೆ, ಪಿಎಫ್ ಕಡಿತಕ್ಕೆ ಮುಂಚೆ ಕೊನೆಗೆ ಉಳಿದದ್ದು 85,258.

ನಿಜವಾಗಿ ಬರಬೇಕಾದದ್ದು ಎಷ್ಟು? ಅವನ ಸೇವೆ 6 ವರ್ಷ 10 ತಿಂಗಳು. ಗ್ರಾಚ್ಯುಟಿ ಲೆಕ್ಕದಲ್ಲಿ ಆರು ತಿಂಗಳು ಮೀರಿದ ಭಾಗವನ್ನು ಪೂರ್ತಿ ವರ್ಷ ಎಂದೇ ಹಿಡಿಯಬೇಕು, ಅಂದರೆ 7 ವರ್ಷ. ಕೊನೆಯ ಬೇಸಿಕ್ 45,000ವನ್ನು 26ರಿಂದ ಭಾಗಿಸಿ, 15ರಿಂದಲೂ 7ರಿಂದಲೂ ಗುಣಿಸಿದರೆ 1,81,731. ನೋಟಿಸ್ ಕಡಿತವನ್ನು ಮ್ಯಾನೇಜರರ ಮೇಲ್ ಮನ್ನಾ ಮಾಡಿದೆ. ಹಾಗಾದರೆ ಒಟ್ಟು 3,56,989. ಶೀಟ್ ತೋರಿಸಿದ್ದು ಅದರ ಕಾಲು ಭಾಗಕ್ಕಿಂತ ಕಡಿಮೆ.

ಇಲ್ಲಿ ಯಾರೂ ಕಳ್ಳರಲ್ಲ. ಆ ಶೀಟ್ ಮಾಡಿದ ಹುಡುಗಿ ಅಥವಾ ಹುಡುಗ ದುರುದ್ದೇಶದಿಂದ ಮಾಡಿಲ್ಲ ಎಂದು ಆ ಕುರ್ಚಿಯಲ್ಲಿ ಕೂತಿದ್ದ ನಾನು ಹೇಳಬಲ್ಲೆ. ಮ್ಯಾನೇಜರ್ ಮೇಲ್‌ನಲ್ಲಿ ಮನ್ನಾ ಎಂದು ಬರೆದರು, ಆದರೆ ಎಚ್‌ಆರ್ ಸಾಫ್ಟ್‌ವೇರಿನಲ್ಲಿ ಮನ್ನಾದ ಗುಂಡಿ ಒತ್ತಲಿಲ್ಲ. ಸಾಫ್ಟ್‌ವೇರ್ 90ರಲ್ಲಿ 60 ಕಳೆದು 30 ಎಂದಿತು. ಲ್ಯಾಪ್‌ಟಾಪ್ ಪುಣೆಯಲ್ಲಿ ಒಪ್ಪಿಸಿದ್ದ, ಆದರೆ ಸ್ವತ್ತುಗಳ ಪಟ್ಟಿ ಇನ್ನೊಂದು ಊರಿನ ಕಚೇರಿಯಲ್ಲಿ. ಅಲ್ಲಿ 'ಬಂದಿದೆ' ಎಂದು ಗುರುತಾಗಲು ಆಗಸ್ಟ್ 21 ಆಯಿತು. ಅದಾಗದೆ ನೋ ಡ್ಯೂಸ್ ಪೂರ್ತಿಯಾಗುವುದಿಲ್ಲ, ನೋ ಡ್ಯೂಸ್ ಇಲ್ಲದೆ ಪೇರೋಲ್ ಫೈಲ್ ತೆರೆಯುವುದಿಲ್ಲ. ತಪ್ಪು ಇರುವುದು ಮನುಷ್ಯರಲ್ಲಿ ಅಲ್ಲ, ಗಂಟಿನಲ್ಲಿ. ಆದರೆ ಈ ಗಂಟು ತಾನಾಗಿ ಬಿದ್ದದ್ದಲ್ಲ, ಯಾರೋ ಕೂತು ಹೀಗೇ ಇರಲಿ ಎಂದು ಕಟ್ಟಿದ್ದು. ಅದು ತಡವಾದಾಗಲೆಲ್ಲ ಲಾಭ ಒಂದೇ ಕಡೆಗೆ.

ಈಗ ಗಂಟನ್ನು ಬಿಚ್ಚಿ ಒಂದೊಂದನ್ನೇ ನೋಡೋಣ.

ಮೊದಲನೆಯದು ಸಂಬಳ. ದುಡಿದ ದಿನಗಳ ಕೂಲಿ. ಇದಕ್ಕೆ ಯಾವ ಪರಿಶೀಲನೆಯೂ ಬೇಕಿಲ್ಲ, ಹಾಜರಿ ಕಂಪನಿಯ ಬಳಿಯೇ ಇದೆ. ಹಿಂದೆ ಇದ್ದ 1936ರ ವೇತನ ಪಾವತಿ ಕಾಯ್ದೆಯಲ್ಲಿ, ಮಾಲೀಕನೇ ಕೆಲಸದಿಂದ ತೆಗೆದರೆ ಎರಡನೆಯ ಕೆಲಸದ ದಿನ ಮುಗಿಯುವುದರೊಳಗೆ ವೇತನ ಕೊಡಬೇಕು ಎಂದಿತ್ತು. ಆದರೆ ಅದರಲ್ಲಿ ಎರಡು ತೂತುಗಳಿದ್ದವು. ತಾನಾಗಿ ರಾಜೀನಾಮೆ ಕೊಟ್ಟವನ ಮಾತು ಅಲ್ಲಿರಲಿಲ್ಲ. ಜೊತೆಗೆ ಆ ಕಾಯ್ದೆ ತಿಂಗಳಿಗೆ 24,000 ರೂಪಾಯಿಯ ಮಿತಿ ದಾಟಿದವರಿಗೆ ಅನ್ವಯಿಸುತ್ತಲೇ ಇರಲಿಲ್ಲ. ಐಟಿ, ಬ್ಯಾಂಕು, ಮಾರಾಟದ ಕೆಲಸಗಳಲ್ಲಿ ಇರುವ ನಮ್ಮಂಥವರೆಲ್ಲ ಆ ತೂತಿನಿಂದ ಹೊರಬಿದ್ದಿದ್ದೆವು. 45 ದಿನದ ಪದ್ಧತಿ ಬೆಳೆದದ್ದು ಈ ಖಾಲಿ ಜಾಗದಲ್ಲಿ.

ಆ ಜಾಗ ಈಗ ಖಾಲಿ ಇಲ್ಲ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ 17ನೆಯ ಸೆಕ್ಷನ್ ರಾಜೀನಾಮೆ ಎಂಬ ಶಬ್ದವನ್ನೇ ಬಳಸಿ ಹೇಳುತ್ತದೆ: ತೆಗೆದುಹಾಕಿದರೂ, ವಜಾ ಮಾಡಿದರೂ, ಸಿಬ್ಬಂದಿ ಕಡಿತದಲ್ಲಿ ಕಳಿಸಿದರೂ, ರಾಜೀನಾಮೆ ಕೊಟ್ಟರೂ, ಸಲ್ಲಬೇಕಾದ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ಸಂಬಳದ ಮಿತಿ ಇಲ್ಲ. ಮ್ಯಾನೇಜರ್, ಮೇಲ್ವಿಚಾರಕ ಎಂಬ ಭೇದವೂ ಇಲ್ಲ. ನನ್ನ ಭಾಮೈದುನ ಬಿಟ್ಟದ್ದು ಇದು ಜಾರಿಯಾಗುವ ನಾಲ್ಕು ತಿಂಗಳ ಮೊದಲು. ಇವತ್ತು ಅಂಥದೇ ಒಂದು ಶುಕ್ರವಾರ ಬಿಟ್ಟಿದ್ದರೆ, ಶನಿ ಭಾನು ಕಳೆದು ಮಂಗಳವಾರ ಸಂಜೆಯೊಳಗೆ ಆ ತಿಂಗಳ 18 ದಿನದ ಸಂಬಳ ಅವನ ಖಾತೆಯಲ್ಲಿರಬೇಕು.

ಜೂನ್ ಸಂಬಳದ ವಿಷಯವಂತೂ ಇನ್ನೂ ನೇರ. ಜೂನ್ 30ರಂದು ಅವನು ಅದೇ ಕಂಪನಿಯ ನೌಕರ, ದಿನಾ ಹೋಗಿ ದುಡಿಯುತ್ತಿದ್ದ. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೆಯ ದಿನದೊಳಗೆ ಕೊಡಬೇಕು ಎನ್ನುತ್ತದೆ ಅದೇ ಸೆಕ್ಷನ್. ರಾಜೀನಾಮೆ ಕೊಟ್ಟವನಿಗೆ ಇದು ಅನ್ವಯಿಸುವುದಿಲ್ಲ ಎಂದು ಎಲ್ಲೂ ಬರೆದಿಲ್ಲ. 'ನೋಟಿಸ್ ಪೀರಿಯಡ್‌ನಲ್ಲಿ ಸಂಬಳ ಹೋಲ್ಡ್' ಎನ್ನುವುದು ನೌಕರ ಓಡಿಹೋಗದಂತೆ ಕಂಪನಿ ಇಟ್ಟುಕೊಂಡ ಅಡ. ನನ್ನ ಭಾಮೈದುನ ಬಳೆ ಅಡ ಇಡುವ ಮೊದಲೇ ಕಂಪನಿ ಅವನ ತಿಂಗಳನ್ನು ಅಡ ಇಟ್ಟುಕೊಂಡಿತ್ತು.

ಇಲ್ಲಿ ಪೇರೋಲ್‌ನವರು ಒಂದು ವಾದ ಹೂಡುತ್ತಾರೆ, ಅದು ಪೂರ್ತಿ ಹುರುಳಿಲ್ಲದ್ದೂ ಅಲ್ಲ. ಸಂಹಿತೆಯಲ್ಲಿ 'ವೇತನ' ಎಂದರೆ ಎಲ್ಲವೂ ಅಲ್ಲ, ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ, ಬೋನಸ್, ಕಮಿಷನ್, ಗ್ರಾಚ್ಯುಟಿ ಇವೆಲ್ಲ ಆ ವ್ಯಾಖ್ಯೆಯಿಂದ ಹೊರಗೆ ಎನ್ನುತ್ತಾರೆ. ಸರಿ. ಆದರೆ ಅದೇ ವ್ಯಾಖ್ಯೆಯ ಕೊನೆಯಲ್ಲಿ ಒಂದು ವಿವರಣೆ ಇದೆ. ವೇತನ ಪಾವತಿಯ ಉದ್ದೇಶಕ್ಕೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ, ಓವರ್‌ಟೈಮ್ ಇವನ್ನು ಸೇರಿಸಿಯೇ ಲೆಕ್ಕ ಹಾಕಬೇಕು. ಅಂದರೆ ಪ್ರತಿ ತಿಂಗಳು ಕೈಗೆ ಬರುತ್ತಿದ್ದ 90,000ಕ್ಕೆ ಎರಡು ದಿನದ ಗಡುವು ಇದೆ. ಬೋನಸ್, ಕಮಿಷನ್, ಗ್ರಾಚ್ಯುಟಿಗೆ ಈ ಗಡುವು ಇಲ್ಲ. ಈ ಗೆರೆ ನ್ಯಾಯವಾದದ್ದೇ. ವರ್ಷದ ವೇರಿಯಬಲ್ ಎಷ್ಟು ಎಂದು ವರ್ಷ ಮುಗಿಯದೆ ಕಂಪನಿಗೂ ಗೊತ್ತಿರುವುದಿಲ್ಲ. ಅದನ್ನು ಉಳಿದವರಿಗೆ ಕೊಡುವ ದಿನವೇ ಕೊಡಲಿ, ನಿಯಮದಂತೆ ಸಲ್ಲದಿದ್ದರೆ ಸಲ್ಲುವುದಿಲ್ಲ ಎನ್ನಲಿ. ನನ್ನ ಮಾತು ಇಷ್ಟೆ: ಗೊತ್ತಿಲ್ಲದ್ದಕ್ಕಾಗಿ ಗೊತ್ತಿರುವುದನ್ನು ನಿಲ್ಲಿಸಬೇಡಿ. ಈ ಗಡುವನ್ನು ಸಂದರ್ಭ ನೋಡಿ ಬದಲಿಸುವ ಅಧಿಕಾರವನ್ನು ಸಂಹಿತೆ ಸರಕಾರಕ್ಕೆ ಕೊಟ್ಟಿದೆ, ನಿಜ. ಆದರೆ ಕೊಟ್ಟಿರುವುದು ಸರಕಾರಕ್ಕೆ, ಕಂಪನಿಯ ಎಚ್‌ಆರ್ ಪಾಲಿಸಿಗಲ್ಲ.

ಎರಡನೆಯದು ಬಾಕಿ ರಜೆಯ ಹಣ. ಎಷ್ಟು ದಿನ ಕೂಡಿಡಬಹುದು, ಯಾವ ದರದಲ್ಲಿ ಎನ್ನುವುದು ಆಯಾ ರಾಜ್ಯದ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಮತ್ತು ಕಂಪನಿಯ ನಿಯಮವನ್ನು ಅವಲಂಬಿಸಿದೆ. ಮಹಾರಾಷ್ಟ್ರದ ಕಾಯ್ದೆಯಲ್ಲಿ ಕೂಡಿಡುವ ಮಿತಿ 45 ದಿನ. ಹಿಂದೆ ಇದ್ದ ಕಾರ್ಖಾನೆ ಕಾಯ್ದೆಯಲ್ಲಂತೂ ಕೆಲಸ ಬಿಟ್ಟ ಕಾರ್ಮಿಕನ ರಜೆಯ ಹಣವನ್ನು ಎರಡನೆಯ ಕೆಲಸದ ದಿನದೊಳಗೆ ಕೊಡಬೇಕು ಎಂದು ದಶಕಗಳ ಕಾಲ ಇತ್ತು. ಮಿಲ್ಲಿನ ಗುಮಾಸ್ತ ಕೈಯಲ್ಲಿ ಲೆಡ್ಜರ್ ಹಿಡಿದು ಮಾಡುತ್ತಿದ್ದ ಕೆಲಸ ಅದು. ರಜೆಯ ಲೆಕ್ಕ ಒಂದು ಕ್ಲಿಕ್‌ನಲ್ಲಿ ಸಿಗುವ ಕಚೇರಿಗೆ ಒಂದೂವರೆ ತಿಂಗಳು ಏಕೆ ಬೇಕು?

ಮೂರನೆಯದು ಗ್ರಾಚ್ಯುಟಿ. ಐದು ವರ್ಷ ಸತತ ದುಡಿದವರಿಗೆ ಸಿಗುವ ಈ ಹಣಕ್ಕೆ 1972ರ ಕಾಯ್ದೆಯಲ್ಲೂ, ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಗಡುವು ಒಂದೇ: 30 ದಿನ. ಅರ್ಜಿ ಕೊಟ್ಟಿಲ್ಲ ಎಂದು ಕಂಪನಿ ಕೂರುವಂತಿಲ್ಲ. ಅರ್ಜಿ ಬರಲಿ ಬಿಡಲಿ, ಮೊತ್ತ ನಿಗದಿ ಮಾಡುವುದು ಮಾಲೀಕನ ಹೊಣೆ. 30 ದಿನ ಮೀರಿದರೆ, ಹಣ ಸಲ್ಲಬೇಕಾದ ದಿನದಿಂದ ಕೊಟ್ಟ ದಿನದವರೆಗೆ ಸರಳ ಬಡ್ಡಿ ಕೊಡಬೇಕು. 1972ರ ಕಾಯ್ದೆಯಡಿ ಸರಕಾರ ನಿಗದಿ ಮಾಡಿದ್ದ ದರ ವರ್ಷಕ್ಕೆ ಶೇಕಡ 10. ತಡವಾಗಿದ್ದು ನೌಕರನ ತಪ್ಪಿನಿಂದ ಎಂದು ಅಧಿಕಾರಿಯಿಂದ ಲಿಖಿತ ಒಪ್ಪಿಗೆ ಪಡೆದಿದ್ದರೆ ಮಾತ್ರ ಬಡ್ಡಿ ಇಲ್ಲ.

ಗ್ರಾಚ್ಯುಟಿಯ ವಿಷಯದಲ್ಲಿ ಇನ್ನೊಂದು ಮಾತು. ನೋಟಿಸ್ ಕೊರತೆಯ ಹಣವನ್ನು ಗ್ರಾಚ್ಯುಟಿಯಿಂದ ಮುರಿದುಕೊಳ್ಳುವುದನ್ನು ನಾನು ಕಂಡಿದ್ದೇನೆ. ಕಾಯ್ದೆ ಗ್ರಾಚ್ಯುಟಿಯನ್ನು ತಡೆಹಿಡಿಯಲು ಬಿಡುವುದು ಕೆಲವೇ ಸಂದರ್ಭಗಳಲ್ಲಿ: ಆಸ್ತಿಗೆ ನಷ್ಟ ಮಾಡಿದ್ದಕ್ಕೆ, ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಕೆಲಸದಿಂದ ತೆಗೆದಾಗ. ಮರ್ಯಾದೆಯಿಂದ ರಾಜೀನಾಮೆ ಕೊಟ್ಟು ಹೋದವನು ಈ ಸಾಲಿನಲ್ಲಿ ಬರುವುದಿಲ್ಲ. ಹೊಸ ಸಂಹಿತೆಯಲ್ಲಿ ವೇತನದ ವ್ಯಾಖ್ಯೆ ಅಗಲವಾಗಿರುವುದರಿಂದ, ಗ್ರಾಚ್ಯುಟಿಯನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕಿದಿರಿ ಎಂದು ಈಗ ಬಿಡುವವರು ಕೇಳಲೇಬೇಕು. ಬರೀ ಬೇಸಿಕ್ ಎಂಬ ಹಳೆಯ ಉತ್ತರಕ್ಕೆ ತೃಪ್ತರಾಗಬೇಡಿ.

ಪಿಎಫ್ ಈ ಗಂಟಿನಲ್ಲಿ ಇಲ್ಲವೇ ಇಲ್ಲ. ಅದು ನಿಮ್ಮ ಖಾತೆಯಲ್ಲಿ ಆಗಲೇ ಇದೆ. ಕಂಪನಿ ಮಾಡಬೇಕಾದದ್ದು ನೀವು ಬಿಟ್ಟ ದಿನಾಂಕವನ್ನು ಸರಿಯಾಗಿ ದಾಖಲಿಸುವುದು ಮಾತ್ರ. 'ಸೆಟಲ್‌ಮೆಂಟ್ ಆದಮೇಲೆ ಪಿಎಫ್' ಎನ್ನುವವರ ಮಾತಿಗೆ ಆಧಾರವಿಲ್ಲ.

ಈಗ ಕಂಪನಿಯ ಕಡೆಯ ಮಾತು ಕೇಳೋಣ. ನಾನೂ ಆ ಕಡೆ ಕೂತು ಇದನ್ನೇ ಹೇಳುತ್ತಿದ್ದವನು.

ಲ್ಯಾಪ್‌ಟಾಪ್ ವಾಪಸು ಬರದಿದ್ದರೆ? ಕೊನೆಯ ದಿನ ಎಂದು ಎಂಬುದು ಕಂಪನಿಗೆ 60 ದಿನ ಮೊದಲೇ ಗೊತ್ತಿರುತ್ತದೆ. ನೋ ಡ್ಯೂಸ್ ಶುರುವಾಗಬೇಕಾದದ್ದು ಕೊನೆಯ ದಿನದ ಮರುದಿನ ಅಲ್ಲ, ಹಿಂದಿನ ವಾರ. ಸಾಲ, ಮುಂಗಡ, ಕ್ಲೇಮು ಎಲ್ಲ ಅಷ್ಟರಲ್ಲಿ ಮುಗಿಸಬಹುದು. ಲ್ಯಾಪ್‌ಟಾಪ್ ಒಪ್ಪಿಸಿದ ಚೀಟಿಗೆ ಸಹಿ ಬಿದ್ದ ಕ್ಷಣ ಕೆಲಸ ಮುಗಿಯಿತು. ಅದನ್ನು ಕಂಪನಿಯ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ತಿಳಿಸಲು ಆಗುವ ತಡಕ್ಕೆ ನೌಕರ ಏಕೆ ಬೆಲೆ ಕೊಡಬೇಕು? ನಿಜವಾಗಿ ಒಪ್ಪಿಸದೇ ಹೋದವರಿದ್ದಾರೆ. ಅವರ ಕೊನೆಯ ಲೆಕ್ಕದಲ್ಲಿ ಕಾನೂನು ಒಪ್ಪುವ ಮಿತಿಯೊಳಗೆ ಮುರಿದುಕೊಳ್ಳಲಿ. ನೂರರಲ್ಲಿ ಒಬ್ಬನಿಗಾಗಿ ತೊಂಬತ್ತೊಂಬತ್ತು ಜನರ ಸಂಬಳ ಹಿಡಿಯುವುದು ಲೆಕ್ಕವಲ್ಲ.

ತೆರಿಗೆ ಲೆಕ್ಕಕ್ಕೆ ದಾಖಲೆ ಬೇಕಲ್ಲ? ಹಳೆಯ ಪದ್ಧತಿಯಲ್ಲಿ ಬಾಡಿಗೆ ರಸೀದಿ, ವಿಮೆ ರಸೀದಿ ನೋಡಲು ವಾರ ಹಿಡಿಯುತ್ತಿತ್ತು, ಒಪ್ಪುತ್ತೇನೆ. ಆದರೆ ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಆ ರಸೀದಿಗಳೇ ಬೇಕಿಲ್ಲ. ಹಳೆಯದರಲ್ಲಿ ಇರುವವರಿಂದ ನೋಟಿಸ್ ಅವಧಿಯಲ್ಲೇ ಕೇಳಿ. ಕೊಡದಿದ್ದರೆ ಹೆಚ್ಚು ತೆರಿಗೆ ಹಿಡಿದು ಉಳಿದದ್ದನ್ನು ಕೊಡಿ. ಅವರು ರಿಟರ್ನ್ ಸಲ್ಲಿಸಿ ವಾಪಸು ಪಡೆಯುತ್ತಾರೆ.

ಪೇರೋಲ್ ತಿಂಗಳಿಗೆ ಒಮ್ಮೆ ಓಡುತ್ತದೆ, ನಡುವೆ ಒಬ್ಬನಿಗಾಗಿ ಓಡಿಸಲಾಗದು ಎನ್ನುವುದು ಮೂರನೆಯ ನೆಪ. ಓಡಿಸಬಹುದು. ಎಲ್ಲ ಪೇರೋಲ್ ಸಾಫ್ಟ್‌ವೇರ್‌ಗಳಲ್ಲಿ ನಡುವಿನ ಪಾವತಿಗೆ ದಾರಿ ಇರುತ್ತದೆ. ಹಿರಿಯ ಅಧಿಕಾರಿಯೊಬ್ಬರು ಬಿಟ್ಟಾಗ, ಸಂಜೆ ಆರಕ್ಕೆ ಫೋನ್ ಬಂದು, ಮರುದಿನ ಹನ್ನೆರಡಕ್ಕೆ ನಾನೇ ಹಾಗೆ ಪಾವತಿ ಮಾಡಿದ್ದೇನೆ. ಸಾಧ್ಯವಿಲ್ಲ ಎನ್ನುವುದು ಯಂತ್ರದ ಮಾತಲ್ಲ, ಯಾರಿಗಾಗಿ ಎಂಬುದರ ಮಾತು.

ಇನ್ನು ನೋಟಿಸ್ ಕಡಿತ. ಕಂಪನಿಗೆ ಇಲ್ಲಿ ನಿಜವಾದ ಹಕ್ಕಿದೆ. ಕರಾರಿನಂತೆ ದಿನ ಪೂರೈಸದೆ ಹೋದರೆ ಅದರ ಬೆಲೆ ಕೇಳಬಹುದು. ಆದರೆ ಮೂರು ಪ್ರಶ್ನೆಗೆ ಉತ್ತರ ಬೇಕು. ಮನ್ನಾ ಆಗಿದೆಯೇ? ದಿನದ ದರ ಬೇಸಿಕ್ ಮೇಲೋ ಒಟ್ಟು ಸಂಬಳದ ಮೇಲೋ ಎಂದು ನೇಮಕಾತಿ ಪತ್ರದಲ್ಲಿ ಏನಿದೆ? ಬಾಕಿ ರಜೆಯನ್ನು ಕೊರತೆಗೆ ಹೊಂದಿಸಬಹುದೇ? ನನ್ನ ಭಾಮೈದುನನ ಪತ್ರದಲ್ಲಿ 'ಬೇಸಿಕ್' ಎಂದಿತ್ತು. ಮನ್ನಾ ಆಗದಿದ್ದರೂ ಕಡಿತ 45,000 ಆಗಬೇಕಿತ್ತು, 90,000 ಅಲ್ಲ. ಒಂದೇ ಸಾಲಿನಲ್ಲಿ ಎರಡು ತಪ್ಪು. ಈ ಕಡಿತದ ಮೇಲೆ ಜಿಎಸ್‌ಟಿ ಹಾಕುವ ಕಂಪನಿಗಳೂ ಇದ್ದವು. ಅದು ಸಲ್ಲದು ಎಂದು 2022ರ ಆಗಸ್ಟ್‌ನಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯೇ ಸುತ್ತೋಲೆ ಹೊರಡಿಸಿದೆ.

ಹಾಗಾದರೆ ನಾವು ಏನು ಮಾಡಬೇಕು? ಹೆಚ್ಚೇನಿಲ್ಲ, ಆದರೆ ಹೊತ್ತಿಗೆ ಮೊದಲೇ ಮಾಡಬೇಕು.

ಕೊನೆಯ ದಿನ ಸಂಜೆ ನಿಮ್ಮ ಆಫೀಸು ಮೇಲ್ ಮುಚ್ಚುತ್ತದೆ. ಆಮೇಲೆ ನಿಮ್ಮ ಬಳಿ ಸಾಕ್ಷಿ ಇರುವುದಿಲ್ಲ. ಕೊನೆಯ ವಾರದಲ್ಲಿ ಐದು ಕಾಗದ ಇಟ್ಟುಕೊಳ್ಳಿ: ನೇಮಕಾತಿ ಪತ್ರ, ರಾಜೀನಾಮೆ ಒಪ್ಪಿ ಕೊನೆಯ ದಿನಾಂಕ ತಿಳಿಸಿದ ಮೇಲ್, ನೋಟಿಸ್ ಮನ್ನಾ ಮಾಡಿದ್ದರೆ ಅದರ ಮೇಲ್, ರಜೆ ಬಾಕಿ ತೋರಿಸುವ ಪರದೆಯ ಚಿತ್ರ, ವಸ್ತು ಒಪ್ಪಿಸಿದ ಚೀಟಿ. ಸಂಬಳದ ಚೀಟಿಗಳು ಇದ್ದೇ ಇರಬೇಕು. ಗುಟ್ಟಿನ ಕಡತಗಳನ್ನು ಮುಟ್ಟಬೇಡಿ, ನಿಮ್ಮ ನೌಕರಿಯ ಕಾಗದ ಮಾತ್ರ. ನಮ್ಮವನ ಪ್ರಕರಣ ಉಳಿದದ್ದೇ ಮ್ಯಾನೇಜರರ ಆ ಮೇಲ್‌ನ ಪ್ರತಿ ತೆಗೆದಿಟ್ಟಿದ್ದರಿಂದ.

ನಂತರ ಒಂದು ಮೇಲ್ ಬರೆಯಿರಿ. ಕೆಲಸ ಬಿಡುವ ಮೊದಲೇ. ಅದರಲ್ಲಿ ಗಂಟು ಬಿಚ್ಚಿ ಕೇಳಿ: ದುಡಿದ ದಿನಗಳ ಸಂಬಳ ಎರಡು ಕೆಲಸದ ದಿನಗಳಲ್ಲಿ, ಗ್ರಾಚ್ಯುಟಿ 30 ದಿನಗಳಲ್ಲಿ ಕೊಡಿ, ಬೇರೆ ಯಾವುದಾದರೂ ತಕರಾರಿದ್ದರೆ ಆ ಬಾಬ್ತನ್ನು ಮಾತ್ರ ಹಿಡಿದು ಉಳಿದದ್ದನ್ನು ಬಿಡುಗಡೆ ಮಾಡಿ ಎಂದು. 'ನನ್ನ ಸೆಟಲ್‌ಮೆಂಟ್ ಯಾವಾಗ' ಎಂದು ಕೇಳಿದರೆ 45 ದಿನ ಎಂಬ ಉತ್ತರ ಬರುತ್ತದೆ. 'ನನ್ನ 18 ದಿನದ ಸಂಬಳ ಏಕೆ ನಿಂತಿದೆ' ಎಂದು ಕೇಳಿದರೆ ಮಾದರಿ ಉತ್ತರ ಇರುವುದಿಲ್ಲ, ಯಾರಾದರೂ ಕೂತು ಯೋಚಿಸಬೇಕಾಗುತ್ತದೆ.

ಶೀಟ್ ಬಂದಾಗ 'ಇನ್ನಾವ ಬಾಕಿಯೂ ಇಲ್ಲ' ಎಂಬ ಕಾಗದಕ್ಕೆ ಹಣ ಬರುವ ಮೊದಲೇ ಸಹಿ ಕೇಳುತ್ತಾರೆ. ಹಣ ಜಮಾ ಆದ ಮೇಲೆ ಎಂದು ಹೇಳಿ. ಅನಿವಾರ್ಯವಾಗಿ ಹಾಕಲೇಬೇಕಾದರೆ, ಯಾವ ಬಾಬ್ತಿಗೆ ಒಪ್ಪಿಗೆಯಿಲ್ಲ ಎಂದು ಅಲ್ಲೇ ಬರೆದು ಹಾಕಿ. ಸಂಹಿತೆಯಡಿ ಸಲ್ಲಬೇಕಾದ ಹಣವನ್ನು ಬಿಟ್ಟುಕೊಡುವ ಕರಾರು ಊರ್ಜಿತವಲ್ಲ ಎಂದು ಆ ಕಾನೂನೇ ಹೇಳಿದೆ. ಆದರೂ ಹಾಕಿದ ಸಹಿಯನ್ನು ವಿವರಿಸುತ್ತ ಕೂರುವುದಕ್ಕಿಂತ ಹಾಕದಿರುವುದು ಸುಲಭ.

ಇಷ್ಟಾದರೂ ಬರದಿದ್ದರೆ ನೀವು ದುಡಿದ ಊರಿನ ಕಾರ್ಮಿಕ ಇಲಾಖೆ ಇದೆ. ಪುಣೆಯಲ್ಲಿ ದುಡಿದವನಿಗೆ ಅದು ಪುಣೆಯಲ್ಲಿ, ಕಂಪನಿಯ ಮುಖ್ಯ ಕಚೇರಿ ಬೆಂಗಳೂರಲ್ಲಿದ್ದರೂ. ವೇತನ ಸಂಹಿತೆಯಡಿ ಬಾಕಿಗಾಗಿ ಮೂರು ವರ್ಷದೊಳಗೆ ದೂರು ಕೊಡಬಹುದು. ಅಧಿಕಾರಿ ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು. ಎಲ್ಲಕ್ಕಿಂತ ದೊಡ್ಡದು, ಕೊಟ್ಟಿದ್ದೇವೆ ಎಂದು ರುಜುವಾತು ಮಾಡುವ ಹೊರೆ ಕಂಪನಿಯದು. ಇಲಾಖೆ ನಿಧಾನ, ಕಚೇರಿ ಅಲೆಯಬೇಕು, ರಿಲೀವಿಂಗ್ ಲೆಟರ್ ಅವರ ಕೈಯಲ್ಲಿದ್ದರೆ ಭಯ ಇದ್ದೇ ಇದೆ. ಸುಳ್ಳು ಹೇಳಲಾರೆ. ಅದಕ್ಕೇ ರಿಲೀವಿಂಗ್ ಲೆಟರನ್ನು ಕೊನೆಯ ದಿನವೇ ಕೇಳಿ ಪಡೆಯಿರಿ. ಅದು ನೀವು ಬಿಟ್ಟಿದ್ದೀರಿ ಎಂಬ ಸಂಗತಿಯ ಪತ್ರ, ಹಣದ ಲೆಕ್ಕದ ಪತ್ರ ಅಲ್ಲ.

ನಮ್ಮವನು ಮೇಲ್‌ನ ಪ್ರತಿ ಲಗತ್ತಿಸಿ ಉತ್ತರ ಬರೆದ. ಸೆಪ್ಟೆಂಬರ್ 19ಕ್ಕೆ ತಿದ್ದಿದ ಶೀಟ್ ಬಂತು, ಗ್ರಾಚ್ಯುಟಿ ಸೇರಿತ್ತು, ಕಡಿತ ಹೋಗಿತ್ತು. ಹಣ ಬಂದದ್ದು ಅಕ್ಟೋಬರ್ 3ಕ್ಕೆ, ದಸರೆಯ ಮರುದಿನ. ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಅಂದುಕೊಂಡ ಮರುದಿನ, ಅಡ ಇಟ್ಟ ಬಂಗಾರ ಬಿಡಿಸಿ ತಂದರು. ಒಟ್ಟು 77 ದಿನ.

ನಾನು ಲೆಕ್ಕ ಹಾಕಿ ಹೇಳಿದೆ: ಗ್ರಾಚ್ಯುಟಿ 30 ದಿನ ಮೀರಿದೆ, 77 ದಿನಕ್ಕೆ ಶೇಕಡ 10ರಂತೆ 3,834 ರೂಪಾಯಿ ಬಡ್ಡಿ ಬರಬೇಕು, ಇನ್ನೊಂದು ಮೇಲ್ ಬರಿ. ಅವನು ನಕ್ಕ. "ಹೋಗ್ಲಿ ಬಿಡ್ರಿ ಭಾವಾ, ಬಂತಲ್ಲ, ಸಾಕು."

ಬಳೆಯ ಮೇಲಿನ ಸಾಲಕ್ಕೆ ಅವನು ತಿಂಗಳಿಗೆ 1,500ರಂತೆ ಎರಡು ತಿಂಗಳು ಬಡ್ಡಿ ಕಟ್ಟಿದ್ದ. ಆ ಅಂಗಡಿಯವನು ಹೋಗಲಿ ಬಿಡಿ ಎಂದಿರಲಿಲ್ಲ. 45 ದಿನ ಎಂಬ ಸುಳ್ಳು ಇಷ್ಟು ವರ್ಷ ಬದುಕಿರುವುದು ಕಂಪನಿಗಳ ಬಲದಿಂದ ಮಾತ್ರ ಅಲ್ಲ, ನಮ್ಮ ಈ ಮಾತಿನಿಂದಲೂ. ಆ ಮೇಲ್‌ನ ಕರಡನ್ನು ನಾನೇ ಬರೆದು ಅವನಿಗೆ ಕಳಿಸಿದ್ದೇನೆ. ಕಳಿಸು ಎಂದು ಈಗಲೂ ಬೆನ್ನು ಹತ್ತಿದ್ದೇನೆ.